ಮೂರು ಕಲಂಗಳು ಮತ್ತು ಒಂದು ಪ್ರವಾಹ: ಬಾಡಿಗೆ ಕರಾರಿನ ಪ್ರಕರಣ ಅಧ್ಯಯನ

ವಾಣಿಜ್ಯ ಕಟ್ಟಡಗಳ ಬಾಡಿಗೆ ಕರಾರಿನಲ್ಲಿ ನಷ್ಟಭರ್ತಿ, ಫೋರ್ಸ್ ಮಜೂರ್ ಮತ್ತು ರದ್ದತಿ ಎಂಬ ಮೂರು ಕಲಂಗಳು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಇರುತ್ತವೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನು ಎರಡೂ ಕಡೆಯವರು ಗಂಟೆಗಟ್ಟಲೆ ಚರ್ಚಿಸುತ್ತಾರೆ, ಈ ಮೂರನ್ನು ಮಾತ್ರ ಹಳೆಯ ಕರಾರಿನಿಂದ ಇದ್ದಂತೆಯೇ ಎತ್ತಿಕೊಳ್ಳುತ್ತಾರೆ. ಅವು ಕೆಲಸಕ್ಕೆ ಬರುವುದು ಅನಾಹುತ ನಡೆದ ದಿನ. ಮೂರಕ್ಕೂ ಒಂದೇ ಉದ್ದೇಶವಿದೆ, ಆಪತ್ತು ಬಂದರೆ ಬಾಡಿಗೆದಾರ ಪಾರಾಗುತ್ತಾನೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಮೂರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ನಿಯಂತ್ರಣಕ್ಕೆ ಮೀರಿದ ಆಪತ್ತಿನಿಂದ ಒಪ್ಪಿದ ಕೆಲಸ ಮಾಡದಿದ್ದುದು ತಪ್ಪೇ ಎಂಬುದು ಫೋರ್ಸ್ ಮಜೂರ್ ಕಲಮಿನ ಪ್ರಶ್ನೆ. ಆದ ನಷ್ಟವನ್ನು ಕೊನೆಗೆ ಯಾರು ಹೊರಬೇಕು ಎಂಬುದು ನಷ್ಟಭರ್ತಿಯ ಪ್ರಶ್ನೆ. ಸಂಬಂಧ ಯಾವ ದಿನ ಮುಗಿಯಿತು ಎಂಬುದು ರದ್ದತಿಯ ಪ್ರಶ್ನೆ. ಈ ಮೂರನ್ನೂ ಒಂದೇ ಘಟನೆ ಎಬ್ಬಿಸಿದಾಗ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಲು, ಅಧ್ಯಯನಕ್ಕೆಂದೇ ಜೋಡಿಸಿದ ಒಂದು ಪ್ರಕರಣವನ್ನು ಕೆಳಗೆ ಬಿಡಿಸಿ ಇಟ್ಟಿದ್ದೇನೆ. ಲೆಕ್ಕ ಸುಲಭವಾಗಲೆಂದು ತಿಂಗಳ ಬಾಡಿಗೆಯನ್ನು 100 ಎಂದು ಇಟ್ಟುಕೊಂಡಿದ್ದೇನೆ, ಉಳಿದ ಮೊತ್ತಗಳೆಲ್ಲ ಅದೇ ಅಳತೆಯಲ್ಲಿವೆ.

ಪ್ರಕರಣದ ಸಂಗತಿಗಳು

ಒಂದು ಕಟ್ಟಡದ ನೆಲಮಹಡಿಯನ್ನೂ ಹಿಂಬದಿಯ ಅಂಗಳವನ್ನೂ ಪೀಠೋಪಕರಣಗಳ ದುರಸ್ತಿ ಮತ್ತು ಪಾಲಿಶ್ ಕೆಲಸ ಮಾಡುವ ಒಬ್ಬರು ಐದು ವರ್ಷದ ಅವಧಿಗೆ ಬಾಡಿಗೆಗೆ ಪಡೆದಿದ್ದಾರೆ. ಮೊದಲ 36 ತಿಂಗಳು ಲಾಕ್-ಇನ್, ಅಂದರೆ ಆ ಅವಧಿಯೊಳಗೆ ಬಾಡಿಗೆದಾರರು ತಾವಾಗಿ ಬಿಟ್ಟು ಹೋದರೆ ಉಳಿದ ತಿಂಗಳುಗಳ ಬಾಡಿಗೆ ಕೊಡಬೇಕು. ಮುಂಗಡ ಆರು ತಿಂಗಳ ಬಾಡಿಗೆ, ಅಂದರೆ 600.

ಇಪ್ಪತ್ತನೆಯ ತಿಂಗಳ ಮೊದಲ ದಿನ, ಜುಲೈ 1ರಂದು, ಪ್ರವಾಹದ ನೀರು ನೆಲಮಹಡಿಗೆ ನುಗ್ಗಿತು. ಅದೇ ದಿನ ಆಡಳಿತವು ಆ ಬೀದಿಯನ್ನು ಮುಚ್ಚಿ, ಕಟ್ಟಡಗಳಿಗೆ ಪ್ರವೇಶ ನಿಷೇಧಿಸಿತು. ಬಾಡಿಗೆದಾರರು ಜುಲೈ 5ರಂದು ಮಾಲೀಕರಿಗೆ ಲಿಖಿತವಾಗಿ ತಿಳಿಸಿದರು. ನಿಷೇಧ ತೆರವಾದದ್ದು ಆಗಸ್ಟ್ 9ರಂದು, ನಲವತ್ತನೆಯ ದಿನ. ಆದರೆ ಕಟ್ಟಡದ ಮುಖ್ಯ ವಿದ್ಯುತ್ ಬೋರ್ಡು ನೀರಿನಲ್ಲಿ ಮುಳುಗಿದ್ದ ಕಾರಣ, ಅದನ್ನು ಬದಲಾಯಿಸಿ ತಪಾಸಣೆ ಮುಗಿಯುವವರೆಗೆ ವಿದ್ಯುತ್ ಸಂಪರ್ಕ ಸಿಗಲಿಲ್ಲ. ಅದು ಸಿಕ್ಕಿದ್ದು ಸೆಪ್ಟೆಂಬರ್ 4ರಂದು, ಅರವತ್ತಾರನೆಯ ದಿನ.

ಇದರ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಬಾಡಿಗೆದಾರರು ಪಾಲಿಶ್ ಡಬ್ಬಿಗಳನ್ನು ಒಳಗಿನ ಕೋಣೆಯಲ್ಲಿಡದೆ ಅಂಗಳದಲ್ಲಿ ಇಟ್ಟಿದ್ದರು. ಕರಾರಿನ ಪ್ರಕಾರ ಉರಿಯುವ ಮತ್ತು ರಾಸಾಯನಿಕ ವಸ್ತುಗಳನ್ನು ಕಟ್ಟೆಯ ಮೇಲೆ, ಬೀಗ ಹಾಕಿದ ಕೋಣೆಯಲ್ಲಿಯೇ ಇಡಬೇಕಿತ್ತು. ನೀರು ಏರಿದಾಗ ಡಬ್ಬಿಗಳು ತೇಲಿ, ಹಿಂಬದಿಯ ಕಾಂಪೌಂಡ್ ಗೋಡೆ ಕುಸಿದಿದ್ದ ಜಾಗದಿಂದ ಪಕ್ಕದವರ ನೆಲಮಾಳಿಗೆಯ ಉಗ್ರಾಣಕ್ಕೆ ಸೇರಿ ಒಡೆದವು. ಗೋಡೆ ಕುಸಿದಿದೆ, ಸರಿಪಡಿಸಿಕೊಡಿ ಎಂದು ಬಾಡಿಗೆದಾರರು ಮೇ ತಿಂಗಳಲ್ಲಿಯೇ ಪತ್ರ ಬರೆದಿದ್ದರು, ಗೋಡೆಯ ದುರಸ್ತಿ ಮಾಲೀಕರ ಹೊಣೆಯಾಗಿತ್ತು. ಪಕ್ಕದವರು ಮಾಲೀಕರಿಂದ 400 ಕೇಳಿದರು. ಮಾಲೀಕರು ಬಾಡಿಗೆದಾರರಿಗೆ ತಿಳಿಸದೆ 250 ಕೊಟ್ಟು ರಾಜಿ ಮಾಡಿಕೊಂಡರು.

ಬಾಡಿಗೆದಾರರು ಜುಲೈನಿಂದ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದರು. ಆಗಸ್ಟ್ 19ರಂದು "ಫೋರ್ಸ್ ಮಜೂರ್ ಕಾರಣದಿಂದ ಕರಾರು ಈ ದಿನವೇ ರದ್ದಾಗಿದೆ" ಎಂದು ನೋಟಿಸ್ ಕೊಟ್ಟರು. ಮಾಲೀಕರು "ನಿಮ್ಮ ನೋಟಿಸ್ ಅನ್ನು ನಾವು ಒಪ್ಪುವುದಿಲ್ಲ, ಕರಾರು ಮುಂದುವರಿದಿದೆ, ಬಾಡಿಗೆ ಕಟ್ಟಿರಿ" ಎಂದು ಉತ್ತರಿಸಿದರು. ವಕೀಲರ ಸಲಹೆ ಪಡೆದ ಬಾಡಿಗೆದಾರರು ಆಗಸ್ಟ್ 31ರಂದು ಎರಡನೆಯ ನೋಟಿಸ್ ಕೊಟ್ಟು, ಮೂವತ್ತು ದಿನ ಕಳೆದು ಸೆಪ್ಟೆಂಬರ್ 30ರಂದು ಕೀಲಿಗಳನ್ನು ಹಿಂದಿರುಗಿಸಿದರು.

ಮಾಲೀಕರ ಬೇಡಿಕೆ ಹೀಗಿತ್ತು: ಮೂರು ತಿಂಗಳ ಬಾಕಿ ಬಾಡಿಗೆ 300, ಲಾಕ್-ಇನ್‌ನ ಉಳಿದ ಹದಿನಾಲ್ಕು ತಿಂಗಳಿಗೆ 1400, ಪಕ್ಕದವರಿಗೆ ಕೊಟ್ಟ 250, ಒಟ್ಟು 1950. ಮುಂಗಡ 600 ಕಳೆದರೆ ಬಾಡಿಗೆದಾರರು ಇನ್ನೂ 1350 ಕೊಡಬೇಕು. ಬಾಡಿಗೆದಾರರ ನಿಲುವು ಇದಕ್ಕೆ ತೀರ ವಿರುದ್ಧ: ಪ್ರವಾಹ ಯಾರ ತಪ್ಪೂ ಅಲ್ಲ, ಬಾಡಿಗೆ ಇಲ್ಲ, ನಷ್ಟಭರ್ತಿ ಇಲ್ಲ, 600 ಪೂರ್ತಿ ಹಿಂದಿರುಗಿಸಬೇಕು.

ಕರಾರಿನ ಸಂಬಂಧಪಟ್ಟ ಮೂರು ಕಲಂಗಳ ಸಾರ ಇಷ್ಟು.

ಕಲಂ 14: "ಬಾಡಿಗೆದಾರರು ಸ್ವತ್ತನ್ನು ಬಳಸುವುದರಿಂದ ಅಥವಾ ಈ ಕರಾರನ್ನು ಉಲ್ಲಂಘಿಸುವುದರಿಂದ ಉಂಟಾಗುವ, ಮೂರನೆಯ ವ್ಯಕ್ತಿಗಳ ಕ್ಲೇಮುಗಳೂ ಸೇರಿದಂತೆ ಎಲ್ಲ ನಷ್ಟವನ್ನು ಮಾಲೀಕರಿಗೆ ಭರ್ತಿ ಮಾಡಿಕೊಡತಕ್ಕದ್ದು; ಆದರೆ ಮಾಲೀಕರ ನಿರ್ಲಕ್ಷ್ಯದಿಂದ ಉಂಟಾದಷ್ಟರ ಮಟ್ಟಿಗೆ ಈ ಹೊಣೆ ಇರುವುದಿಲ್ಲ. ಕ್ಲೇಮು ಬಂದ 15 ದಿನಗಳೊಳಗೆ ಮಾಲೀಕರು ಬಾಡಿಗೆದಾರರಿಗೆ ತಿಳಿಸತಕ್ಕದ್ದು, ಅವರ ಒಪ್ಪಿಗೆ ಇಲ್ಲದೆ ರಾಜಿ ಮಾಡತಕ್ಕದ್ದಲ್ಲ."

ಕಲಂ 17: "ಪ್ರವಾಹ, ಬೆಂಕಿ, ಭೂಕಂಪ, ಸರ್ಕಾರದ ಆದೇಶ ಮುಂತಾದ, ತನ್ನ ನಿಯಂತ್ರಣಕ್ಕೆ ಮೀರಿದ ಕಾರಣದಿಂದ ಯಾವುದೇ ಪಕ್ಷವು ತನ್ನ ಕರ್ತವ್ಯವನ್ನು ನಿರ್ವಹಿಸಲಾಗದಿದ್ದಲ್ಲಿ, 7 ದಿನಗಳೊಳಗೆ ತಿಳಿಸಿದರೆ, ಅದು ಉಲ್ಲಂಘನೆ ಎನಿಸುವುದಿಲ್ಲ. ಹಣ ಪಾವತಿಯ ಕರ್ತವ್ಯಕ್ಕೆ ಇದು ಅನ್ವಯಿಸುವುದಿಲ್ಲ."

ಕಲಂ 18: "ಅಂಥ ಘಟನೆ ಅಥವಾ ಅದರ ನೇರ ಪರಿಣಾಮದಿಂದ ಸ್ವತ್ತಿನ ಬಳಕೆಯು ಸತತ 60 ದಿನಗಳ ಕಾಲ ಸಾಧ್ಯವಾಗದಿದ್ದಲ್ಲಿ, ಯಾವುದೇ ಪಕ್ಷವು 30 ದಿನಗಳ ಲಿಖಿತ ನೋಟಿಸ್ ಕೊಟ್ಟು, ಲಾಕ್-ಇನ್ ಅವಧಿ ಇದ್ದಾಗ್ಯೂ, ಕರಾರನ್ನು ರದ್ದುಪಡಿಸಬಹುದು. ರದ್ದತಿಗೆ ಮುಂಚೆ ಉಂಟಾದ ಹಕ್ಕು ಮತ್ತು ಹೊಣೆಗಳಿಗೆ ಬಾಧಕವಿಲ್ಲ."

ಬಾಡಿಗೆ ನಿಂತಿತೇ?

ಜಗಳದ ತಿರುಳು ಇಲ್ಲಿದೆ, ಆದ್ದರಿಂದ ಇದನ್ನೇ ಹೆಚ್ಚು ವಿವರವಾಗಿ ನೋಡಬೇಕು. ಫೋರ್ಸ್ ಮಜೂರ್ ಕಲಮನ್ನು ಓದುವಾಗ ಮೊದಲು ಕೇಳಿಕೊಳ್ಳಬೇಕಾದದ್ದು "ಆಪತ್ತು ದೊಡ್ಡದೇ?" ಎಂದಲ್ಲ, "ಯಾರ ಯಾವ ಕರ್ತವ್ಯವನ್ನು ಈ ಆಪತ್ತು ತಡೆಯಿತು?" ಎಂದು. ಬಾಡಿಗೆ ಕರಾರಿನಲ್ಲಿ ಮಾಲೀಕರ ಕರ್ತವ್ಯಗಳೆಂದರೆ ಸ್ವತ್ತನ್ನು ಒಪ್ಪಿಸುವುದು, ಪ್ರವೇಶ ಕೊಡುವುದು, ಕಟ್ಟಡದ ಮುಖ್ಯ ಭಾಗಗಳನ್ನು ಸುಸ್ಥಿತಿಯಲ್ಲಿಡುವುದು. ಬಾಡಿಗೆದಾರರ ಮುಖ್ಯ ಕರ್ತವ್ಯ ಬಾಡಿಗೆ ಕೊಡುವುದು. ಪ್ರವಾಹವು ಪ್ರವೇಶವನ್ನು ತಡೆಯಿತು, ವಿದ್ಯುತ್ತನ್ನು ತಡೆಯಿತು, ಆದರೆ ಬ್ಯಾಂಕ್ ಖಾತೆಯಿಂದ ಹಣ ಕಳಿಸುವುದನ್ನು ತಡೆಯಲಿಲ್ಲ. ಹಾಗಾಗಿ ಕಲಂ 17 ಇಲ್ಲಿ ಮೊದಲು ರಕ್ಷಿಸುವುದು ಮಾಲೀಕರನ್ನು. "ನಲವತ್ತು ದಿನ ನನಗೆ ಪ್ರವೇಶ ಕೊಡಲಿಲ್ಲ, ಪರಿಹಾರ ಕೊಡಿ" ಎಂದು ಬಾಡಿಗೆದಾರರು ಕೇಳಿದ್ದರೆ ಮಾಲೀಕರು ಇದೇ ಕಲಮನ್ನು ತೋರಿಸಬಹುದಿತ್ತು. ತಮ್ಮ ರಕ್ಷಣೆಗೆಂದು ಬಾಡಿಗೆದಾರರು ನಂಬಿದ್ದ ಕಲಂ ಎದುರಿನವರ ಗುರಾಣಿಯಾಗಿರುವುದನ್ನು ಇಂಥ ಕರಾರುಗಳಲ್ಲಿ ಮತ್ತೆ ಮತ್ತೆ ಕಾಣಬಹುದು. ಸರಕು ಪೂರೈಕೆಯ ಒಪ್ಪಂದಕ್ಕೆ ಬರೆದ ಪಠ್ಯವನ್ನು ಬಾಡಿಗೆ ಕರಾರಿಗೆ ಹಾಗೆಯೇ ಅಂಟಿಸಿದರೆ ಆಗುವುದು ಇದೇ.

ದಿನನಿತ್ಯದ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬರು ಐದನೆಯ ಮಹಡಿಯಲ್ಲಿ ಮನೆ ಬಾಡಿಗೆಗೆ ಪಡೆದಿದ್ದಾರೆ. ಸಿಡಿಲು ಬಡಿದು ಲಿಫ್ಟ್ ಎರಡು ವಾರ ಕೆಟ್ಟು ನಿಂತಿತು. ಲಿಫ್ಟ್ ಒದಗಿಸದಿದ್ದಕ್ಕೆ ಮಾಲೀಕರನ್ನು ದೂರುವಂತಿಲ್ಲ, ಏಕೆಂದರೆ ಸಿಡಿಲು ಅವರ ನಿಯಂತ್ರಣದಲ್ಲಿಲ್ಲ. ಹಾಗೆಂದು ಎರಡು ವಾರದ ಬಾಡಿಗೆ ತಾನಾಗಿಯೇ ಮಾಫಿಯಾಗುವುದೂ ಇಲ್ಲ. ಉಲ್ಲಂಘನೆಯ ಆರೋಪದಿಂದ ಬಿಡುಗಡೆ ಬೇರೆ, ಬಾಡಿಗೆಯಿಂದ ಬಿಡುಗಡೆ ಬೇರೆ. ಎರಡನೆಯದು ಬೇಕಿದ್ದರೆ ಕರಾರಿನಲ್ಲಿ ಬಾಡಿಗೆ ಕಡಿತದ ಮಾತು ಪ್ರತ್ಯೇಕವಾಗಿ ಇರಬೇಕು.

ಕರಾರು ಮೌನವಾಗಿದ್ದರೆ ಕಾನೂನು ನೆರವಿಗೆ ಬರುತ್ತದೆಯೇ? ಬರುತ್ತದೆ, ಆದರೆ ಜನ ನಿರೀಕ್ಷಿಸುವಷ್ಟು ಅಲ್ಲ. ಇಂಗ್ಲೆಂಡಿನ 1647ರ ಪ್ಯಾರಡೈನ್ ವಿರುದ್ಧ ಜೇನ್ ಪ್ರಕರಣದಲ್ಲಿ ಸೈನ್ಯವೊಂದು ಬಾಡಿಗೆದಾರನನ್ನು ಜಮೀನಿನಿಂದ ಹೊರಹಾಕಿದ್ದರೂ ಬಾಡಿಗೆ ಕೊಡಲೇಬೇಕೆಂದು ತೀರ್ಪಾಯಿತು. ಆ ಕಠಿಣ ನಿಲುವು ಮುಂದೆ ಸಡಿಲಗೊಂಡಿತು, ಆದರೆ ಸಡಿಲಿಕೆಗೂ ಮಿತಿಯಿದೆ. 1981ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ನ್ಯಾಷನಲ್ ಕ್ಯಾರಿಯರ್ಸ್ ವಿರುದ್ಧ ಪನಲ್ಪಿನಾ ಪ್ರಕರಣ ನಮ್ಮ ಸಂಗತಿಗಳಿಗೆ ಬಹಳ ಹತ್ತಿರ. ಹತ್ತು ವರ್ಷಕ್ಕೆ ಪಡೆದ ಗೋದಾಮಿಗೆ ಹೋಗುವ ಏಕೈಕ ದಾರಿಯನ್ನು, ಎದುರಿನ ಕಟ್ಟಡ ಅಪಾಯಕಾರಿಯಾಗಿದ್ದ ಕಾರಣ ಸುಮಾರು ಇಪ್ಪತ್ತು ತಿಂಗಳು ಮುಚ್ಚಲಾಗಿತ್ತು. ಬಾಡಿಗೆ ಕರಾರೂ ಪರಿಸ್ಥಿತಿಯ ಬದಲಾವಣೆಯಿಂದ ನಿಷ್ಫಲವಾಗಬಹುದು ಎಂದು ತತ್ತ್ವವನ್ನು ಒಪ್ಪಿದ ನ್ಯಾಯಮೂರ್ತಿಗಳು, ದಾರಿ ತೆರೆದ ಮೇಲೂ ಅವಧಿಯ ಗಣನೀಯ ಭಾಗ ಉಳಿಯುತ್ತದೆ ಎಂಬ ಕಾರಣಕ್ಕೆ ಬಾಡಿಗೆದಾರರ ವಾದವನ್ನು ತಳ್ಳಿಹಾಕಿದರು. ಇಪ್ಪತ್ತು ತಿಂಗಳೇ ಸಾಲದಿದ್ದಲ್ಲಿ ಅರವತ್ತಾರು ದಿನ ಸಾಲುವ ಸಂಭವವಿಲ್ಲ.

ಭಾರತದಲ್ಲಿ ದಾರಿ ಇನ್ನೂ ಕಿರಿದು. ಅಸಾಧ್ಯವಾದ ಒಪ್ಪಂದಗಳು ಶೂನ್ಯವಾಗುತ್ತವೆ ಎನ್ನುವ 1872ರ ಒಪ್ಪಂದ ಕಾಯ್ದೆಯ 56ನೆಯ ಸೆಕ್ಷನ್ ಬಾಡಿಗೆ ಹಕ್ಕಿನ ವರ್ಗಾವಣೆಗೆ ಅನ್ವಯಿಸುವುದಿಲ್ಲ ಎಂದು ರಾಜಾ ಧ್ರುವ್ ದೇವ್ ಚಂದ್ ವಿರುದ್ಧ ಹರ್ಮೊಹಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿಯೇ ಹೇಳಿದೆ. ಕರಾರಿಗೆ ಸಹಿಯಾಗಿ ಸ್ವಾಧೀನ ಕೊಟ್ಟ ಮೇಲೆ ಸ್ವತ್ತಿನಲ್ಲಿ ಒಂದು ಹಕ್ಕು ಹಸ್ತಾಂತರವಾಗಿಬಿಟ್ಟಿರುತ್ತದೆ, ಅದು ಮುಂದೆ ಮಾಡಬೇಕಾದ ಬರಿಯ ವಾಗ್ದಾನವಾಗಿ ಉಳಿದಿರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108(ಇ). ಬೆಂಕಿ, ಬಿರುಗಾಳಿ, ಪ್ರವಾಹ, ಸೈನ್ಯ ಅಥವಾ ಗುಂಪಿನ ಹಿಂಸೆ ಇಲ್ಲವೇ ತಡೆಯಲಾಗದ ಬೇರೆ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಅಥವಾ ಯಾವ ಉದ್ದೇಶಕ್ಕೆ ಕೊಡಲಾಗಿತ್ತೋ ಅದಕ್ಕೆ ಗಣನೀಯವಾಗಿಯೂ ಶಾಶ್ವತವಾಗಿಯೂ ಯೋಗ್ಯವಲ್ಲದಂತಾದರೆ, ಕರಾರನ್ನು ಶೂನ್ಯವೆಂದು ಪರಿಗಣಿಸುವ ಆಯ್ಕೆ ಬಾಡಿಗೆದಾರರಿಗೆ ಇರುತ್ತದೆ. ಇಲ್ಲಿ "ಶಾಶ್ವತವಾಗಿ" ಎಂಬ ಮಾತೇ ನಿರ್ಣಾಯಕ. ಗೋಡೆ ಒಣಗಿ, ಬೋರ್ಡು ಬದಲಾಗಿ, ಸೆಪ್ಟೆಂಬರ್‌ನಲ್ಲಿ ದೀಪ ಹತ್ತಿದ ಕಟ್ಟಡವನ್ನು ಶಾಶ್ವತವಾಗಿ ನಿರುಪಯುಕ್ತ ಎನ್ನಲಾಗದು. ಮೇಲಾಗಿ ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಈ ನಿಯಮ ಹಿಂದೆ ಸರಿಯುತ್ತದೆ.

ಇಷ್ಟರಿಂದ ಬರುವ ಫಲ ಬಾಡಿಗೆದಾರರಿಗೆ ಕಹಿಯಾದದ್ದು: ಕರಾರು ಜೀವಂತವಿದ್ದ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳ ಬಾಡಿಗೆ, 300, ಅವರು ಕೊಡಬೇಕು. ಬಳಸಲಾಗದ ಜಾಗಕ್ಕೆ ಹಣ ಕೊಡುವುದು ಅನ್ಯಾಯವೆಂದು ಯಾರಿಗಾದರೂ ಅನ್ನಿಸುವುದು ಸಹಜ, ನನಗೂ ಅನ್ನಿಸುತ್ತದೆ. ಆದರೆ "ಹಣ ಪಾವತಿಯ ಕರ್ತವ್ಯಕ್ಕೆ ಇದು ಅನ್ವಯಿಸುವುದಿಲ್ಲ" ಎಂಬ ಒಂದು ವಾಕ್ಯಕ್ಕೆ ಸಹಿ ಹಾಕಿದ ಮೇಲೆ ಆ ಅನ್ನಿಸಿಕೆಗೆ ನಿಲ್ಲಲು ನೆಲೆಯಿರುವುದಿಲ್ಲ.

ಕರಾರು ಮುಗಿದದ್ದು ಯಾವಾಗ?

ಮೊತ್ತದ ದೃಷ್ಟಿಯಿಂದ ದೊಡ್ಡ ಪ್ರಶ್ನೆ ಇದು, ಏಕೆಂದರೆ 1400 ಇದರ ಮೇಲೆ ನಿಂತಿದೆ. ಆಗಸ್ಟ್ 19 ಪ್ರವಾಹದಿಂದ ಐವತ್ತನೆಯ ದಿನ. ಕಲಂ 18 ಕೇಳುವುದು ಸತತ ಅರವತ್ತು ದಿನ, ಅದು ತುಂಬಿದ್ದು ಆಗಸ್ಟ್ 29ಕ್ಕೆ. ಹಕ್ಕು ಹುಟ್ಟುವ ಮೊದಲೇ ಅದನ್ನು ಚಲಾಯಿಸಿದ ಕಾರಣ ಮೊದಲ ನೋಟಿಸ್ ಕಲಂ 18ರ ನೋಟಿಸ್ ಆಗಲಾರದು. ಅಷ್ಟೇ ಆಗಿದ್ದರೆ ಬಾಡಿಗೆದಾರರು ಹಕ್ಕಿಲ್ಲದೆ ಕರಾರನ್ನು ನಿರಾಕರಿಸಿದಂತಾಗಿ, ಮಾಲೀಕರು ಆ ನಿರಾಕರಣೆಯನ್ನು ಒಪ್ಪಿಕೊಂಡು ಅಂದೇ ಕರಾರನ್ನು ಮುಗಿಸಿ ಲಾಕ್-ಇನ್ ಪರಿಹಾರ ಕೇಳಬಹುದಿತ್ತು. ಆದರೆ ಅವರು "ಕರಾರು ಮುಂದುವರಿದಿದೆ" ಎಂದು ಬರೆದರು. ಆ ಉತ್ತರದಿಂದ ಕರಾರು ಉಳಿಯಿತು, ಉಳಿದ ಕರಾರಿನೊಳಗೆ ಕಲಂ 18 ಸಹ ಉಳಿಯಿತು. ಅರವತ್ತೆರಡನೆಯ ದಿನವಾದ ಆಗಸ್ಟ್ 31ರಂದು ಬಂದ ಎರಡನೆಯ ನೋಟಿಸ್‌ಗೆ ದಾರಿ ತೆರೆದದ್ದು ಮಾಲೀಕರ ಪತ್ರವೇ.

ಆದರೂ ಮಾಲೀಕರಲ್ಲಿ ಇನ್ನೊಂದು ಗಟ್ಟಿಯಾದ ವಾದವಿತ್ತು. ಬೀದಿ ತೆರೆದದ್ದು ನಲವತ್ತನೆಯ ದಿನ, ಅಲ್ಲಿಗೆ ಘಟನೆ ಮುಗಿಯಿತು, ನಂತರದ ವಿಳಂಬ ಬಾಡಿಗೆದಾರರು ಪಾಲಿಶ್ ಕೆಸರನ್ನು ತೆಗೆಯದೆ ಬಿಟ್ಟದ್ದರಿಂದ ಆದದ್ದು ಎಂದು ಅವರು ಹೇಳಿದರು. ಇಲ್ಲಿ ಎರಡು ವಿಷಯ ನೋಡಬೇಕಾಯಿತು. ಮೊದಲನೆಯದು ಕಲಮಿನ ಪಠ್ಯ. ಅದು "ಘಟನೆ ಅಥವಾ ಅದರ ನೇರ ಪರಿಣಾಮ" ಎನ್ನುತ್ತದೆ, ಬರಿಯ "ಘಟನೆ" ಎಂದಿದ್ದರೆ ಬಾಡಿಗೆದಾರರ ಲೆಕ್ಕ ನಲವತ್ತಕ್ಕೇ ನಿಂತುಬಿಡುತ್ತಿತ್ತು. ಎರಡನೆಯದು ನಲವತ್ತೊಂದನೆಯ ದಿನದಿಂದ ಅರವತ್ತಾರರವರೆಗಿನ ಕಾಗದಪತ್ರ. ಕೆಸರು ತೆಗೆದದ್ದು ನಲವತ್ತೊಂದರಿಂದ ನಲವತ್ತಾರನೆಯ ದಿನದೊಳಗೆ ಎಂದು ಸ್ವಚ್ಛತೆಯ ಬಿಲ್ಲು ಮತ್ತು ದಿನಾಂಕವಿರುವ ಫೋಟೋಗಳು ತೋರಿಸಿದವು. ಬೋರ್ಡು ಕಟ್ಟಡದ ಸಾಮಾನ್ಯ ಭಾಗ, ಅದನ್ನು ಬದಲಾಯಿಸುವ ಕೆಲಸ ಮಾಲೀಕರದು, ಅವರ ಗುತ್ತಿಗೆದಾರರು ನಲವತ್ತೊಂದನೆಯ ದಿನವೇ ಕೆಲಸ ಹಿಡಿದು ಗೋಡೆ ಒಣಗುವವರೆಗೆ ಕಾಯಬೇಕಾಗಿ ಬಂದದ್ದನ್ನು ಅವರದೇ ವರದಿ ಹೇಳುತ್ತಿತ್ತು. ಎರಡೂ ಕೆಲಸ ಒಟ್ಟೊಟ್ಟಿಗೆ ನಡೆದಿದ್ದವು, ಕೆಸರಿನ ಆರು ದಿನದಿಂದ ಬೋರ್ಡಿನ ಕೆಲಸ ಒಂದು ದಿನವೂ ತಡವಾಗಿರಲಿಲ್ಲ. ಹಾಗಾಗಿ ಅರವತ್ತನೆಯ ದಿನ ಕೂಡ ಪ್ರವಾಹದ ನೇರ ಪರಿಣಾಮದೊಳಗೆ ಬಂತು.

ನೋಟಿಸ್ ಕೊಟ್ಟ ನಾಲ್ಕನೆಯ ದಿನವೇ ವಿದ್ಯುತ್ ಬಂತಲ್ಲ, ಮೂವತ್ತು ದಿನ ತುಂಬುವ ಮೊದಲೇ ಅಡ್ಡಿ ನಿವಾರಣೆಯಾದರೆ ರದ್ದತಿ ಬಿದ್ದುಹೋಗುವುದಿಲ್ಲವೇ ಎಂದೂ ಕೇಳಲಾಯಿತು. ಕೆಲವು ಕರಾರುಗಳಲ್ಲಿ ಹಾಗೆಂದು ಬರೆದಿರುತ್ತದೆ. ಈ ಕರಾರಿನಲ್ಲಿ ಬರೆದಿರಲಿಲ್ಲ, ಹಕ್ಕು ಹುಟ್ಟಿ, ಅಡ್ಡಿ ಇನ್ನೂ ಇದ್ದಾಗಲೇ ಚಲಾವಣೆಯಾಗಿತ್ತು. ಬಾಡಿಗೆ ಬಾಕಿ ಇರುವ ಪಕ್ಷ ರದ್ದುಪಡಿಸುವಂತಿಲ್ಲ ಎಂಬ ಷರತ್ತೂ ಹಲವು ಕರಾರುಗಳಲ್ಲಿ ಕಾಣುತ್ತದೆ. ಅದೊಂದು ಇಲ್ಲಿದ್ದಿದ್ದರೆ, ಬಾಡಿಗೆ ನಿಲ್ಲಿಸಿದ ಬಾಡಿಗೆದಾರರು 300 ಉಳಿಸಲು ಹೋಗಿ 1400ರಿಂದ ಪಾರಾಗುವ ಬಾಗಿಲನ್ನು ತಾವೇ ಮುಚ್ಚಿಕೊಂಡಂತಾಗುತ್ತಿತ್ತು. ಬಾಕಿ ಕಟ್ಟಿರೆಂದು ಗಡುವಿನ ನೋಟಿಸ್ ಕೊಟ್ಟು, ಕಟ್ಟದಿದ್ದರೆ ಉಲ್ಲಂಘನೆಯ ಆಧಾರದ ಮೇಲೆ ಕರಾರನ್ನು ತಾವೇ ಮುಗಿಸುವ ಅವಕಾಶವನ್ನೂ ಮಾಲೀಕರು ಬಳಸಿರಲಿಲ್ಲ. ವಿವಾದದ ಕಾಲದಲ್ಲಿ ಬಾಡಿಗೆಯನ್ನು "ಹಕ್ಕುಗಳನ್ನು ಕಾಯ್ದಿರಿಸಿ ಕಟ್ಟುತ್ತಿದ್ದೇವೆ" ಎಂದು ಬರೆದು ಕಟ್ಟುವುದೇ ಸುರಕ್ಷಿತವೆಂದು ವಕೀಲರು ಹೇಳುವುದು ಇದಕ್ಕಾಗಿಯೇ.

ಕೀಲಿ ಒಪ್ಪಿಸಿದ ಸಂಗತಿಗೂ ತೂಕವಿದೆ. ಮನೆ ಖಾಲಿ ಮಾಡಿದೆವು ಎಂದು ಹೇಳಿ ಒಂದು ಕೋಣೆಯಲ್ಲಿ ಸಾಮಾನು ಬಿಟ್ಟು ಬೀಗ ಹಾಕಿಕೊಂಡವರಿಂದ ಮಾಲೀಕರು ಮುಂದಿನ ತಿಂಗಳ ಬಾಡಿಗೆ ಕೇಳಿದರೆ ಉತ್ತರಿಸುವುದು ಕಷ್ಟ. ಇಲ್ಲಿ ಸೆಪ್ಟೆಂಬರ್ 30ರಂದು ಯಂತ್ರಗಳೂ ಮರದ ಸಾಮಾನೂ ಪೂರ್ತಿ ಹೊರಹೋಗಿದ್ದವು, ಕೀಲಿಗಳಿಗೆ ಮಾಲೀಕರು ಸಹಿ ಮಾಡಿದ ರಸೀದಿ ಇತ್ತು. ಹೀಗಾಗಿ ಕರಾರು ತೊಂಬತ್ತೆರಡನೆಯ ದಿನ ಮುಗಿಯಿತು, "ಲಾಕ್-ಇನ್ ಅವಧಿ ಇದ್ದಾಗ್ಯೂ" ಎಂಬ ಮಾತಿನಿಂದ 1400ರ ಬೇಡಿಕೆ ಬಿದ್ದುಹೋಯಿತು.

ಪಕ್ಕದವರ ನಷ್ಟ ಯಾರ ಪಾಲಿಗೆ?

ಪ್ರವಾಹ ಫೋರ್ಸ್ ಮಜೂರ್ ಆದ್ದರಿಂದ ನಷ್ಟಭರ್ತಿಯೂ ಇಲ್ಲ ಎಂದು ಬಾಡಿಗೆದಾರರು ವಾದಿಸಿದ್ದರು. ಎರಡು ಕಲಂಗಳ ನಡುವೆ ಅಂಥ ಕೊಂಡಿ ಇಲ್ಲ. ಕಲಂ 17 ಕ್ಷಮಿಸುವುದು ಪ್ರವಾಹವು ತಡೆದ ಕೆಲಸವನ್ನು ಮಾತ್ರ. ಡಬ್ಬಿಗಳನ್ನು ಬೀಗದ ಕೋಣೆಯಲ್ಲಿಡುವುದನ್ನು ಪ್ರವಾಹ ತಡೆದಿರಲಿಲ್ಲ, ಅವು ವಾರಗಳಿಂದ ಅಂಗಳದಲ್ಲಿಯೇ ಇದ್ದವು. ನಲ್ಲಿ ತೆರೆದಿಟ್ಟು ಊರಿಗೆ ಹೋದವರ ಮನೆಯಿಂದ ಕೆಳಗಿನ ಮನೆಯ ಛಾವಣಿ ನೆನೆದರೆ, ಅಂದು ನೀರಿನ ಒತ್ತಡ ಅಸಾಮಾನ್ಯವಾಗಿ ಹೆಚ್ಚಿತ್ತು ಎಂಬ ಕಾರಣ ನಲ್ಲಿ ತೆರೆದಿಟ್ಟವರನ್ನು ಕಾಪಾಡುವುದಿಲ್ಲ. ಕೆಳಮನೆಯವರು ಮಾಲೀಕರನ್ನು ಹಿಡಿದರೆ, ಮಾಲೀಕರು ಕೊಟ್ಟದ್ದನ್ನು ಬಾಡಿಗೆದಾರರು ತುಂಬಿಕೊಡಬೇಕು. ನಷ್ಟಭರ್ತಿಯ ಮೂಲ ರೂಪ ಇಷ್ಟೇ, ಒಪ್ಪಂದ ಕಾಯ್ದೆಯ 124ನೆಯ ಸೆಕ್ಷನ್ ಹೇಳುವುದೂ ಇದನ್ನೇ.

ಹಾಗೆಂದು 250 ಪೂರ್ತಿ ಬಾಡಿಗೆದಾರರ ತಲೆಗೆ ಬರುವುದಿಲ್ಲ. ಮೊದಲು ರಾಜಿಯ ಪ್ರಶ್ನೆ. ನಷ್ಟಭರ್ತಿ ಪಡೆಯುವವರು ಕ್ಲೇಮನ್ನು ರಾಜಿ ಮಾಡಿಕೊಂಡು ಕೊಟ್ಟ ಹಣವನ್ನೂ ವಸೂಲು ಮಾಡಬಹುದು ಎಂದು 125ನೆಯ ಸೆಕ್ಷನ್ ಹೇಳುತ್ತದೆ, ಆದರೆ ಆ ರಾಜಿ ನಷ್ಟಭರ್ತಿ ಮಾಡುವವರ ಆದೇಶಕ್ಕೆ ವಿರುದ್ಧವಾಗಿರಬಾರದು, ಮತ್ತು ವಿವೇಕವುಳ್ಳ ವ್ಯಕ್ತಿ ನಷ್ಟಭರ್ತಿಯ ಆಸರೆ ಇಲ್ಲದಿದ್ದರೂ ಮಾಡಿಕೊಳ್ಳುವಂಥದ್ದಾಗಿರಬೇಕು. ಬೇರೆಯವರ ಜೇಬಿನಿಂದ ಹೋಗುವ ಹಣವೆಂದು ಉದಾರವಾಗಿ ಕೊಟ್ಟುಬಿಡುವುದನ್ನು ತಡೆಯಲು ಈ ಎಚ್ಚರಿಕೆ. ಕಲಂ 14 ಇನ್ನೂ ಮುಂದೆ ಹೋಗಿ ಒಪ್ಪಿಗೆಯನ್ನೇ ಕೇಳುತ್ತದೆ, ಮಾಲೀಕರು ಅದನ್ನು ಪಡೆದಿರಲಿಲ್ಲ. ಕೆಲವು ಕರಾರುಗಳಲ್ಲಿ ಇಂಥ ತಪ್ಪಿಗೆ ಹಕ್ಕೇ ನಷ್ಟವಾಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ, ಇಲ್ಲಿ ಪರಿಣಾಮವೇನೆಂದು ಬರೆದಿರಲಿಲ್ಲ. ಆದ್ದರಿಂದ ಎರಡೂ ಕಡೆಯ ವಕೀಲರು ಮಧ್ಯಮ ದಾರಿ ಹಿಡಿದರು: ರಾಜಿಯ ಅಂಕಿಯನ್ನು ಬದಿಗಿಟ್ಟು, ಪಕ್ಕದವರಿಗೆ ನಿಜವಾಗಿ ಆದ ನಷ್ಟವನ್ನು ಮಾಲೀಕರು ರುಜುವಾತುಪಡಿಸಬೇಕು.

ರುಜುವಾತು ಹೀಗೆ ಬಂತು. ಉಗ್ರಾಣದಿಂದ ಪಾಲಿಶ್ ತೆಗೆದು ಶುಚಿಗೊಳಿಸಿದ ವೆಚ್ಚ 90. ಎತ್ತರದ ಅಟ್ಟಣೆಯಲ್ಲಿದ್ದು, ನೀರು ಮುಟ್ಟದೆಯೂ ಪಾಲಿಶ್‌ನ ಘಾಟಿನಿಂದ ಮಾರಾಟಕ್ಕೆ ಬಾರದಂತಾದ ಬಟ್ಟೆಯ ಸರಕು 70. ಉಳಿದ 90 ಕೆಳಗಿನ ಸಾಲಿನಲ್ಲಿದ್ದ ಕಾಗದದ ಸರಕಿನದು. ಆ ಸಾಲಿನ ಮೇಲೆ ಗೋಡೆಯಲ್ಲಿ ನೀರಿನ ಗುರುತು ಸ್ಪಷ್ಟವಾಗಿತ್ತು, ಅಂದರೆ ಒಂದು ಡಬ್ಬಿಯೂ ತೇಲಿ ಬರದಿದ್ದರೂ ಆ ಕಾಗದ ಪ್ರವಾಹದ ನೀರಿಗೇ ಹಾಳಾಗುತ್ತಿತ್ತು. ಅದು ಬಾಡಿಗೆದಾರರ ಬಳಕೆಯಿಂದ ಉಂಟಾದ ನಷ್ಟವಲ್ಲ. ಹೀಗೆ 250 ಇಳಿದು 160 ಆಯಿತು. ನಷ್ಟಭರ್ತಿ ಕಲಮಿನ ವ್ಯಾಜ್ಯದಲ್ಲಿ "ಇದು ಇಲ್ಲದಿದ್ದರೂ ಅದು ಆಗುತ್ತಿತ್ತೇ?" ಎಂಬ ಒಂದು ಪರೀಕ್ಷೆ ದೊಡ್ಡ ದೊಡ್ಡ ವಾದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದದ್ದು ಗೋಡೆಯ ಮೇಲಿನ ಕಲೆಯ ಒಂದು ಫೋಟೋ.

ಇನ್ನು ಕುಸಿದ ಗೋಡೆ. ಗೋಡೆ ನಿಂತಿದ್ದರೆ ಡಬ್ಬಿಗಳಲ್ಲಿ ಕೆಲವಾದರೂ ಅಂಗಳದಲ್ಲೇ ಉಳಿಯುತ್ತಿದ್ದವು. ಮೇ ತಿಂಗಳ ಪತ್ರ ಇಲ್ಲದಿದ್ದರೆ ಮಾಲೀಕರು ತಮಗೆ ತಿಳಿದಿರಲಿಲ್ಲ ಎನ್ನಬಹುದಿತ್ತು, ಪತ್ರ ಇದ್ದುದರಿಂದ ಆ ಮಾತು ನಿಲ್ಲಲಿಲ್ಲ. ಕಲಮಿನಲ್ಲಿ "ಉಂಟಾದಷ್ಟರ ಮಟ್ಟಿಗೆ" ಎಂದು ಇದ್ದುದೂ ಮುಖ್ಯ. ಅದರ ಬದಲು "ಮಾಲೀಕರ ನಿರ್ಲಕ್ಷ್ಯದಿಂದ ಉಂಟಾದ ನಷ್ಟವನ್ನು ಹೊರತುಪಡಿಸಿ" ಎಂದಷ್ಟೇ ಇದ್ದಿದ್ದರೆ ಸ್ವಲ್ಪ ನಿರ್ಲಕ್ಷ್ಯವಿದ್ದರೂ ಇಡೀ ನಷ್ಟಭರ್ತಿ ತಪ್ಪುತ್ತದೆಯೇ ಎಂಬ ಜಗಳ ಬೇರೆ ಏಳುತ್ತಿತ್ತು. ಪಾಲು ಹಾಕಲು ನಿಖರವಾದ ಅಳತೆಗೋಲು ಇಲ್ಲ. ಮುಖ್ಯ ಕಾರಣ ಡಬ್ಬಿಗಳ ಜಾಗವೆಂದೂ ಗೋಡೆ ಸಹಕಾರಿ ಕಾರಣವೆಂದೂ ಒಪ್ಪಿ, ಕಾಲು ಭಾಗವನ್ನು ಮಾಲೀಕರ ಪಾಲಿಗೆ ಹಾಕಲಾಯಿತು. 160ರಲ್ಲಿ 40 ಕಳೆದು 120 ಬಾಡಿಗೆದಾರರ ಹೊಣೆಯಾಯಿತು. ಕರಾರು ಮುಗಿದ ಮಾತ್ರಕ್ಕೆ ಈ ಹೊಣೆ ಮುಗಿಯಲಿಲ್ಲ, ಅದು ಹುಟ್ಟಿದ್ದು ರದ್ದತಿಗೆ ಮುಂಚೆ ಎಂಬುದನ್ನು ಕಲಂ 18ರ ಕೊನೆಯ ವಾಕ್ಯ ಕಾಯುತ್ತದೆ.

ಲೆಕ್ಕ ಚುಕ್ತವಾದ ಬಗೆ

ಮುಂಗಡ 600ರಲ್ಲಿ ಬಾಡಿಗೆ 300 ಮತ್ತು ನಷ್ಟಭರ್ತಿ 120 ಕಳೆದು, ಮಾಲೀಕರು 180 ಹಿಂದಿರುಗಿಸಿದರು. ಒಬ್ಬರು 1350 ಬರಬೇಕೆಂದೂ ಇನ್ನೊಬ್ಬರು 600 ಬರಬೇಕೆಂದೂ ಹೊರಟಿದ್ದ ಲೆಕ್ಕ ಇದು.

ಬಾಡಿಗೆ ಕಡಿತದ ಒಂದು ವಾಕ್ಯ ಕರಾರಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಬಹುದು. "ಬಾಡಿಗೆದಾರರ ತಪ್ಪಿಲ್ಲದ ಕಾರಣದಿಂದ ಸ್ವತ್ತು ಅಥವಾ ಅದರ ಭಾಗವು ಬಳಕೆಗೆ ಸಿಗದಿದ್ದಲ್ಲಿ, ಸಿಗದ ದಿನಗಳಿಗೂ ಸಿಗದ ಭಾಗಕ್ಕೂ ಅನುಗುಣವಾಗಿ ಬಾಡಿಗೆಯು ಕಡಿತಗೊಳ್ಳತಕ್ಕದ್ದು" ಎಂಬಂಥ ವಾಕ್ಯವಿದ್ದರೆ, ತೊಂಬತ್ತೆರಡು ದಿನಗಳಲ್ಲಿ ಅರವತ್ತಾರು ದಿನ ಕಳೆದು ಇಪ್ಪತ್ತಾರು ದಿನಗಳ ಬಾಡಿಗೆ ಮಾತ್ರ, ಸುಮಾರು 85, ಕೊಡಬೇಕಾಗುತ್ತಿತ್ತು. ಕರಾರು ಬರೆಯುವ ಹೊತ್ತಿನಲ್ಲಿ ಮಾಲೀಕರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಅವರಿಗೂ ಕಾರಣವಿದೆ, ಏಕೆಂದರೆ ಕಟ್ಟಡದ ಸಾಲದ ಕಂತು ಪ್ರವಾಹ ಬಂದರೂ ನಿಲ್ಲುವುದಿಲ್ಲ. ಇಬ್ಬರಿಗೂ ಸಮ್ಮತವಾಗುವ ದಾರಿಯೆಂದರೆ ಬಾಡಿಗೆ ನಷ್ಟದ ವಿಮೆ: ಮಾಲೀಕರು ಪಾಲಿಸಿ ಪಡೆಯುತ್ತಾರೆ, ಅದರ ಪ್ರೀಮಿಯಂ ಅನ್ನು ಬಾಡಿಗೆದಾರರು ಪೂರ್ತಿಯಾಗಿ ಅಥವಾ ಭಾಗಶಃ ಭರಿಸುತ್ತಾರೆ, ಕಡಿತವಾದ ಬಾಡಿಗೆಯನ್ನು ವಿಮೆ ತುಂಬುತ್ತದೆ. ಆಗ ಗಮನಿಸಬೇಕಾದ ಹೊಂದಾಣಿಕೆ ಒಂದಿದೆ. ಅನೇಕ ಪಾಲಿಸಿಗಳು ಕಟ್ಟಡಕ್ಕೆ ಭೌತಿಕ ಹಾನಿಯಾದಾಗ ಮಾತ್ರ ಬಾಡಿಗೆ ನಷ್ಟ ಕೊಡುತ್ತವೆ, ಆಡಳಿತದ ಆದೇಶದಿಂದ ಬೀದಿ ಮುಚ್ಚಿದ ದಿನಗಳಿಗೆ ಕೊಡುವುದಿಲ್ಲ. ಕಡಿತದ ಕಲಂ ಎರಡೂ ಬಗೆಯ ದಿನಗಳನ್ನು ಒಳಗೊಂಡು, ಪಾಲಿಸಿ ಒಂದನ್ನಷ್ಟೇ ಒಳಗೊಂಡರೆ, ನಡುವಿನ ದಿನಗಳ ನಷ್ಟ ಮಾಲೀಕರ ಮೇಲೆ ಬೀಳುತ್ತದೆ. ಆದ್ದರಿಂದ ಕಲಮಿನ ಪಠ್ಯವನ್ನೂ ಪಾಲಿಸಿಯ ಪಠ್ಯವನ್ನೂ ಸಹಿಗೆ ಮುಂಚೆ ಅಕ್ಕಪಕ್ಕ ಇಟ್ಟು ಓದಿ, ಎರಡರಲ್ಲಿಯೂ ಘಟನೆಗಳ ಪಟ್ಟಿ ಮತ್ತು ದಿನಗಳ ಎಣಿಕೆ ಒಂದೇ ಆಗಿರುವಂತೆ ತಿದ್ದಿಸಿಕೊಳ್ಳಬೇಕು.